ಕಣ್ಣಿನ ಶಸ್ತ್ರಚಿಕಿತ್ಸೆಯ ಕ್ಲೇಮು ತಿರಸ್ಕರಿಸಿದ್ದರ ವಿರುದ್ಧ ಮೇಲ್ಮನವಿ

ದಿನಾಂಕ: 14-03-2025
ಸ್ಥಳ: ಶಿರಸಿ

ಇಂದ:
ಗಣಪತಿ ಹೆಗಡೆ, ಅಡಿಕೆ ಬೆಳೆಗಾರ,
ಶಿರಸಿ ತಾಲ್ಲೂಕು, ಉತ್ತರ ಕನ್ನಡ ಜಿಲ್ಲೆ

ಗೆ:
ಕುಂದುಕೊರತೆ ಪರಿಹಾರ ಅಧಿಕಾರಿಗಳು,
ಆರೋಗ್ಯ ವಿಮಾ ವಿಭಾಗ, ಬೆಂಗಳೂರು

ವಿಷಯ: ನನ್ನ ಪತ್ನಿ ಸವಿತಾ ಹೆಗಡೆ (39 ವರ್ಷ) ಅವರ ಬಲಗಣ್ಣಿನ ಶಸ್ತ್ರಚಿಕಿತ್ಸೆಯ ಕ್ಲೇಮನ್ನು ಹೊರಗಿಡುವ ಷರತ್ತು 02ರ ಅಡಿ ತಿರಸ್ಕರಿಸಿರುವುದನ್ನು ಮರುಪರಿಶೀಲಿಸುವ ಬಗ್ಗೆ.

ಉಲ್ಲೇಖ: ತಮ್ಮ ಕಚೇರಿಯ 27-02-2025ರ ತಿರಸ್ಕಾರ ಪತ್ರ.

ಮಾನ್ಯರೇ,

ನಮ್ಮ ಕುಟುಂಬದ ನಾಲ್ವರಿಗೂ ಸೇರಿ ತಮ್ಮ ಕಂಪನಿಯಲ್ಲಿ 12-06-2023ರಂದು ಆರೋಗ್ಯ ವಿಮೆ ಮಾಡಿಸಿದ್ದು, 2024ರ ಜೂನ್‌ನಲ್ಲಿ ಅವಧಿ ಮುಗಿಯುವ ಮೊದಲೇ ಕಂತು ಕಟ್ಟಿ ನವೀಕರಿಸಿದ್ದೇನೆ. ನನ್ನ ಪತ್ನಿಯ ಬಲಗಣ್ಣಿಗೆ 21-01-2025ರಂದು ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅದರ ವೆಚ್ಚ ರೂ. 78,640ನ್ನು ನಾವೇ ಭರಿಸಿ, ಮರುಪಾವತಿಗಾಗಿ ಕ್ಲೇಮು ಸಲ್ಲಿಸಿದೆವು. ಕಣ್ಣಿನ ಪೊರೆಯು 24 ತಿಂಗಳ ಕಾಯುವ ಅವಧಿ ಇರುವ ಕಾಯಿಲೆಗಳ ಪಟ್ಟಿಯಲ್ಲಿದೆ, ಪಾಲಿಸಿಗೆ ಇನ್ನೂ 24 ತಿಂಗಳು ತುಂಬಿಲ್ಲ, ಆದ್ದರಿಂದ ಹಣ ಕೊಡಲಾಗದು ಎಂದು ತಮ್ಮ ಪತ್ರ ಹೇಳುತ್ತದೆ. ಈ ತೀರ್ಮಾನವು ಷರತ್ತಿನ ಅರ್ಧವನ್ನು ಮಾತ್ರ ಓದಿ ತೆಗೆದುಕೊಂಡದ್ದು ಎಂಬುದೇ ನನ್ನ ಮನವಿಯ ಮುಖ್ಯ ಮಾತು.

ಪಟ್ಟಿಯಲ್ಲಿ ಕಣ್ಣಿನ ಪೊರೆ ಇದೆ, 24 ತಿಂಗಳು ತುಂಬುವುದು ಬರುವ ಜೂನ್‌ನಲ್ಲಿ. ಈ ಎರಡರ ಬಗ್ಗೆ ನನ್ನ ತಕರಾರಿಲ್ಲ. ಆದರೆ ತಮ್ಮ ಪತ್ರವು ಷರತ್ತು 02ರ ಮೊದಲ ವಾಕ್ಯವನ್ನು ಉದ್ಧರಿಸಿ ಅಲ್ಲಿಗೇ ನಿಂತಿದೆ. ನನ್ನ ಬಳಿ ಇರುವ ಪಾಲಿಸಿ ಪುಸ್ತಿಕೆಯಲ್ಲಿ ಅದೇ ಉಪಖಂಡದಲ್ಲಿ, ಆ ವಾಕ್ಯಕ್ಕೆ ಅಂಟಿಕೊಂಡೇ ಇನ್ನೊಂದು ವಾಕ್ಯವಿದೆ: ಅಪಘಾತದಿಂದ ಉಂಟಾಗುವ ಕ್ಲೇಮುಗಳಿಗೆ ಈ ಹೊರಗಿಡುವಿಕೆ ಅನ್ವಯಿಸುವುದಿಲ್ಲ. ಇದು ತಮ್ಮ ಕಂಪನಿ ತಾನಾಗಿ ತೋರಿದ ರಿಯಾಯಿತಿಯೂ ಅಲ್ಲ. ಆರೋಗ್ಯ ವಿಮೆಯ ಹೊರಗಿಡುವ ಷರತ್ತುಗಳಿಗೆ ಏಕರೂಪ ಪದಗಳನ್ನು ಗೊತ್ತುಮಾಡಿ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೇ ಆ ವಾಕ್ಯವಿದೆ. ಹೀಗಾಗಿ ಕಾಯಿಲೆಯ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಿದ ಮಾತ್ರಕ್ಕೆ ಪರಿಶೀಲನೆ ಮುಗಿಯುವುದಿಲ್ಲ. ಅದು ಅಪಘಾತದಿಂದ ಬಂದದ್ದೇ ಎಂದು ಕೇಳಿ, ಉತ್ತರವನ್ನು ದಾಖಲೆಗಳಲ್ಲಿ ಹುಡುಕಬೇಕಾಗುತ್ತದೆ. ತಮ್ಮ ಪತ್ರದಲ್ಲಿ ಆ ಪ್ರಶ್ನೆಯನ್ನು ಕೇಳಿಕೊಂಡ ಗುರುತೇ ಇಲ್ಲ.

ನಡೆದದ್ದು ಹೀಗೆ. 18-11-2024ರಂದು ಬೆಳಿಗ್ಗೆ ನಮ್ಮ ತೋಟದಲ್ಲಿ ಅಡಿಕೆ ಗೊನೆಗಳ ಕೊಯ್ಲು ನಡೆದಿತ್ತು. ಮರವೇರಿ ಗೊನೆ ಕೊಯ್ಯುವ ಕೊನೆಗೌಡರು ಮರದ ಮೇಲಿದ್ದರು, ಸವಿತಾ ಸ್ವಲ್ಪ ದೂರದಲ್ಲಿ ಉದುರಿದ ಅಡಿಕೆ ಹೆಕ್ಕುತ್ತಿದ್ದಳು. ಹಗ್ಗದ ಮೇಲೆ ಇಳಿಯಬೇಕಿದ್ದ ಗೊನೆಯೊಂದು ಕೈತಪ್ಪಿ, ಪಕ್ಕದ ಮರಕ್ಕೆ ಬಡಿದು ಚದುರಿತು. ಆ ಸದ್ದಿಗೆ ಅವಳು ತಲೆಯೆತ್ತಿದಾಗ ಹಸಿ ಅಡಿಕೆಯೊಂದು ನೇರವಾಗಿ ಬಲಗಣ್ಣಿಗೆ ಬಡಿಯಿತು. ಅಪಘಾತವೆಂದರೆ ಹೊರಗಿನ, ಕಣ್ಣಿಗೆ ಕಾಣುವ ಮತ್ತು ಬಲವಾದ ಕಾರಣದಿಂದ ಹಠಾತ್ತಾಗಿ, ನಿರೀಕ್ಷೆಯಿಲ್ಲದೆ, ಇಚ್ಛೆಯಿಲ್ಲದೆ ಸಂಭವಿಸುವ ಘಟನೆ ಎಂದು ತಮ್ಮ ಪಾಲಿಸಿಯ ವ್ಯಾಖ್ಯೆಗಳ ಭಾಗ ಹೇಳುತ್ತದೆ. ಐವತ್ತು ಅಡಿ ಎತ್ತರದ ಮರದಿಂದ ಬಿದ್ದ ಕಾಯಿ ಕಣ್ಣಿಗೆ ಬಡಿದದ್ದು ಈ ವ್ಯಾಖ್ಯೆಯ ಯಾವ ಪದಕ್ಕೆ ಹೊಂದುವುದಿಲ್ಲ ಎಂಬುದು ನನಗೆ ತಿಳಿಯದು.

ಅದೇ ದಿನ ಮಧ್ಯಾಹ್ನ ಶಿರಸಿಯ ನೇತ್ರ ವೈದ್ಯರು ಪರೀಕ್ಷಿಸಿ ಬರೆದ ಚೀಟಿಯಲ್ಲಿ, ಅಡಿಕೆ ಬಿದ್ದು ಬಲಗಣ್ಣಿಗೆ ಮೊಂಡು ಪೆಟ್ಟು, ಕಾರ್ನಿಯಾದ ಮೇಲೆ ತರಚು, ಕಣ್ಣಿನ ಮುಂಭಾಗದ ಕೋಣೆಯಲ್ಲಿ ರಕ್ತ ಮತ್ತು ಕಣ್ಣಿನ ಒತ್ತಡದಲ್ಲಿ ಏರಿಕೆ ಎಂದು ದಾಖಲಾಗಿದೆ. ರಕ್ತ ತುಂಬಿರುವುದರಿಂದ ಮಸೂರವನ್ನು ಪೂರ್ತಿಯಾಗಿ ನೋಡಲಾಗುತ್ತಿಲ್ಲ ಎಂಬ ಸಾಲೂ ಅದರಲ್ಲಿದೆ. ಈ ಸಾಲಿನ ಕಡೆಗೆ ತಮ್ಮ ಗಮನ ಸೆಳೆಯುತ್ತೇನೆ. ಏಕೆಂದರೆ ಮೊದಲ ದಿನದ ಚೀಟಿಯಲ್ಲಿ ಪೊರೆಯ ಉಲ್ಲೇಖವಿಲ್ಲ ಎಂಬುದನ್ನೇ ತಮ್ಮ ಪರವಾಗಿ ಕ್ಲೇಮುಗಳನ್ನು ನಿರ್ವಹಿಸುವ ಟಿಪಿಎ ಸಂಸ್ಥೆಯವರು ದೂರವಾಣಿಯಲ್ಲಿ ಒಂದು ಕಾರಣವಾಗಿ ಹೇಳಿದರು. ಅಂದು ಕಾಣಲಾಗದ್ದನ್ನು ವೈದ್ಯರು ಬರೆಯುವುದು ಸಾಧ್ಯವಿರಲಿಲ್ಲ. ಅಲ್ಲದೆ ಮೊಂಡು ಪೆಟ್ಟಿನಿಂದ ಮಸೂರ ಮಬ್ಬಾಗುವುದು ಎಷ್ಟೋ ಸಲ ಅದೇ ದಿನ ಕಾಣದೆ, ವಾರಗಳ ಅಥವಾ ತಿಂಗಳುಗಳ ನಂತರ ಕಾಣಿಸಿಕೊಳ್ಳುತ್ತದೆ ಎಂಬುದು ನೇತ್ರ ವೈದ್ಯರೆಲ್ಲರೂ ಬಲ್ಲ ಸಂಗತಿ.

ಇಲ್ಲಿಯೂ ಹಾಗೆಯೇ ಆಯಿತು. ರಕ್ತ ಕರಗಿದರೂ ದೃಷ್ಟಿ ಮರಳದೆ ದಿನದಿಂದ ದಿನಕ್ಕೆ ಮಂಜಾಗುತ್ತ ಹೋದದ್ದರಿಂದ ನಮ್ಮನ್ನು ಹುಬ್ಬಳ್ಳಿಗೆ ಕಳುಹಿಸಿದರು. ಅಲ್ಲಿನ ಶಸ್ತ್ರವೈದ್ಯರ ವರದಿಯ ಮೂರು ಅಂಶಗಳು ನನ್ನ ವಾದಕ್ಕೆ ಆಧಾರ. ಒಂದು, ಬಲಗಣ್ಣಿನ ಮಸೂರದ ಹಿಂಭಾಗದಲ್ಲಿ ಹೂವಿನ ಎಸಳುಗಳ ಆಕಾರದ ಮಬ್ಬು ಇತ್ತು. ಇದು ಪೆಟ್ಟಿನಿಂದ ಬರುವ ಪೊರೆಯ ವಿಶಿಷ್ಟ ರೂಪವೆಂದು ವೈದ್ಯರು ಗುರುತಿಸಿದ್ದಾರೆ. ಎರಡು, ಎಡಗಣ್ಣಿನ ಮಸೂರ ಸ್ವಚ್ಛವಾಗಿದ್ದು ಅದರ ದೃಷ್ಟಿ 6/6 ಇದೆ. ವಯಸ್ಸಿನಿಂದ ಅಥವಾ ಸಕ್ಕರೆ ಕಾಯಿಲೆಯಿಂದ ಬರುವ ಪೊರೆಯಾಗಿದ್ದರೆ ಸಾಮಾನ್ಯವಾಗಿ ಇನ್ನೊಂದು ಕಣ್ಣಿನಲ್ಲೂ ಅದರ ಸುಳಿವು ಇರಬೇಕಿತ್ತು. ಸವಿತಾಳಿಗೆ 39 ವರ್ಷ, ಸಕ್ಕರೆ ಕಾಯಿಲೆ ಇಲ್ಲ, ಸ್ಟಿರಾಯ್ಡ್ ಔಷಧವನ್ನು ಎಂದೂ ದೀರ್ಘಕಾಲ ತೆಗೆದುಕೊಂಡವಳಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಮಸೂರವನ್ನು ಅದರ ಸ್ಥಾನದಲ್ಲಿ ಹಿಡಿದಿಡುವ ಸೂಕ್ಷ್ಮ ತಂತುಗಳು ಒಂದು ಬದಿಯಲ್ಲಿ ಹರಿದು ಮಸೂರ ಅಲುಗಾಡುತ್ತಿದ್ದುದರಿಂದ, ಕೃತಕ ಮಸೂರ ಕೂರಿಸುವ ಮೊದಲು ಆಧಾರದ ಉಂಗುರವೊಂದನ್ನು ಅಳವಡಿಸಬೇಕಾಯಿತು. ಉಂಗುರದ ಸ್ಟಿಕ್ಕರ್ ಮತ್ತು ಬಿಲ್ಲು ತಮ್ಮ ಕಡತದಲ್ಲಿಯೇ ಇವೆ. ಒಂದೇ ಕಣ್ಣಿನಲ್ಲಿ, ಅದೂ ಪೆಟ್ಟು ಬಿದ್ದ ಕಣ್ಣಿನಲ್ಲಿ, ಒಂದೇ ಬದಿಯ ತಂತುಗಳು ಹರಿದಿರುವುದಕ್ಕೆ ಆ ಪೆಟ್ಟಿನ ಹೊರತು ಬೇರೆ ಕಾರಣವನ್ನು ತಮ್ಮ ವೈದ್ಯಕೀಯ ಸಲಹೆಗಾರರು ಕಂಡಿದ್ದರೆ ಅದನ್ನು ಬರವಣಿಗೆಯಲ್ಲಿ ತಿಳಿಸಬೇಕೆಂದು ಕೋರುತ್ತೇನೆ.

2024ರ ಜುಲೈನಲ್ಲಿ ಕನ್ನಡಕಕ್ಕೆಂದು ಮಾಡಿಸಿದ ಪರೀಕ್ಷೆಯ ಚೀಟಿಯನ್ನೂ ಲಗತ್ತಿಸಿದ್ದೇನೆ. ಅದು ಮಸೂರದ ಪರೀಕ್ಷೆಯಲ್ಲ, ಆದ್ದರಿಂದ ಅದರ ಮೇಲೆ ಹೆಚ್ಚಿನ ಭಾರ ಹಾಕುವುದಿಲ್ಲ. ಆದರೂ ಅಪಘಾತಕ್ಕೆ ನಾಲ್ಕು ತಿಂಗಳ ಹಿಂದೆ ಎರಡೂ ಕಣ್ಣುಗಳ ದೃಷ್ಟಿ 6/6 ಇತ್ತು ಎಂಬುದನ್ನು ಅದು ತೋರಿಸುತ್ತದೆ.

ಆಸ್ಪತ್ರೆಯ ಅಂತಿಮ ಬಿಲ್ಲಿನಲ್ಲಿ ರೋಗದ ಸಂಕೇತ H26.9 ಎಂದಿರುವುದನ್ನು ತಮ್ಮ ಪತ್ರ ಎತ್ತಿದೆ. ಅದು ನಿರ್ದಿಷ್ಟ ಬಗೆ ಹೇಳದ ಪೊರೆಯ ಸಂಕೇತ. ಬಿಡುಗಡೆ ಸಾರಾಂಶದಲ್ಲಿ ಚಿಕಿತ್ಸೆ ನೀಡಿದ ವೈದ್ಯರೇ ಬಲಗಣ್ಣಿನ ಪೆಟ್ಟಿನ ಪೊರೆ ಎಂದು ಅಕ್ಷರಗಳಲ್ಲಿ ಬರೆದಿದ್ದಾರೆ. ಅದಕ್ಕೆ ಸಲ್ಲುವ ಸಂಕೇತ H26.1. ಬಿಲ್ಲಿಂಗ್ ವಿಭಾಗ ಸಾಮಾನ್ಯ ಸಂಕೇತವನ್ನು ನಮೂದಿಸಿದೆ ಎಂದು ಒಪ್ಪಿ ಆಸ್ಪತ್ರೆಯು 06-03-2025ರಂದು ಕೊಟ್ಟ ದೃಢೀಕರಣ ಪತ್ರ ಇದರೊಂದಿಗಿದೆ. ಆ ಪತ್ರವಿಲ್ಲದಿದ್ದರೂ, ಬಿಲ್ಲಿನ ಸಂಕೇತಕ್ಕೂ ವೈದ್ಯರ ನಿರ್ಣಯಕ್ಕೂ ವ್ಯತ್ಯಾಸ ಕಂಡಾಗ ಆಸ್ಪತ್ರೆಯನ್ನು ಒಂದು ಮಾತು ಕೇಳಿ ನಂತರ ತೀರ್ಮಾನಿಸುವುದು ನ್ಯಾಯವಾಗುತ್ತಿತ್ತು.

ಪೊಲೀಸ್ ದೂರು ಅಥವಾ ಎಂಎಲ್‌ಸಿ, ಅಂದರೆ ಆಸ್ಪತ್ರೆಯ ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ, ಇಲ್ಲ ಎಂಬ ಆಕ್ಷೇಪಕ್ಕೂ ಉತ್ತರಿಸಬೇಕಾಗಿದೆ. ಕ್ಲೇಮು ಅರ್ಜಿಯಲ್ಲಿ ಪೊಲೀಸರಿಗೆ ತಿಳಿಸಲಾಗಿದೆಯೇ ಎಂಬ ಪ್ರಶ್ನೆ ಇದೆ, ಅದಕ್ಕೆ ಇಲ್ಲ ಎಂದು ಇದ್ದದ್ದನ್ನೇ ಬರೆದಿದ್ದೇನೆ. ಆದರೆ ಅರ್ಜಿಯ ಒಂದು ಪ್ರಶ್ನೆ ಪಾಲಿಸಿಯ ಷರತ್ತಾಗಲಾರದು. ಅಪಘಾತದ ವಿನಾಯಿತಿ ಪಡೆಯಲು ಪೊಲೀಸ್ ದಾಖಲೆ ಬೇಕೆಂದು ಷರತ್ತು 02ರಲ್ಲಾಗಲಿ ಅಪಘಾತದ ವ್ಯಾಖ್ಯೆಯಲ್ಲಾಗಲಿ ಹೇಳಿಲ್ಲ. ಸ್ವಂತ ತೋಟದಲ್ಲಿ, ಯಾರ ದುರುದ್ದೇಶವೂ ಇಲ್ಲದೆ ಬಿದ್ದ ಅಡಿಕೆಯ ಬಗ್ಗೆ ನಾವು ಯಾರ ಮೇಲೆ ದೂರು ಕೊಡಬೇಕಿತ್ತು? ಮಲೆನಾಡಿನಲ್ಲಿ ಕೊಯ್ಲಿನ ಕಾಲದಲ್ಲಿ ಇಂಥ ಪೆಟ್ಟುಗಳು ಆಗುತ್ತಲೇ ಇರುತ್ತವೆ, ಜನ ನೇರವಾಗಿ ವೈದ್ಯರ ಬಳಿ ಓಡುತ್ತಾರೆ. ಅಂದು ಮರದ ಮೇಲಿದ್ದ ಕೊನೆಗೌಡರ ಸಹಿ ಮಾಡಿದ ಹೇಳಿಕೆಯನ್ನು ಕೊಡುತ್ತಿದ್ದೇನೆ. ತಮ್ಮ ತನಿಖಾಧಿಕಾರಿಗಳು ತೋಟಕ್ಕೆ ಬಂದು ವಿಚಾರಿಸುವುದಾದರೆ ಯಾವ ದಿನವಾದರೂ ಬರಬಹುದು.

ಅಪಘಾತಕ್ಕೂ ಶಸ್ತ್ರಚಿಕಿತ್ಸೆಗೂ ನಡುವೆ ಎರಡು ತಿಂಗಳ ಅಂತರವಿದೆ, ನಿಜ. ಉರಿಯೂತ ಇಳಿದು ಕಣ್ಣಿನ ಒತ್ತಡ ಹತೋಟಿಗೆ ಬರುವವರೆಗೆ ಕಾಯಬೇಕೆಂಬುದು ವೈದ್ಯರ ಸಲಹೆಯಾಗಿತ್ತು, ಅದು ಚೀಟಿಗಳಲ್ಲಿ ದಾಖಲಾಗಿದೆ. ಷರತ್ತಿನ ಮಾತು ಅಪಘಾತದಿಂದ ಉಂಟಾದ ಕ್ಲೇಮು ಎಂದಿದೆಯೇ ಹೊರತು, ಇಂತಿಷ್ಟು ದಿನಗಳೊಳಗೆ ಚಿಕಿತ್ಸೆ ಪಡೆದ ಕ್ಲೇಮು ಎಂದಿಲ್ಲ.

ಹೊರಗಿಡುವ ಷರತ್ತನ್ನು ನೆಚ್ಚಿ ಕ್ಲೇಮು ನಿರಾಕರಿಸುವ ವಿಮಾ ಕಂಪನಿಯೇ ಆ ಪ್ರಕರಣ ಷರತ್ತಿನೊಳಗೆ ಬರುತ್ತದೆಂದು ತೋರಿಸಿಕೊಡಬೇಕು, ಅರ್ಥ ಅಸ್ಪಷ್ಟವಾಗಿದ್ದರೆ ವಿಮೆ ಪಡೆದವರ ಪರವಾಗಿ ಓದಬೇಕು ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಈಶರ್ ದಾಸ್ ಮದನ್ ಲಾಲ್ ಪ್ರಕರಣದಲ್ಲಿ ಹೇಳಿದೆ. ನಮ್ಮ ಪ್ರಕರಣದಲ್ಲಿ ಅಸ್ಪಷ್ಟತೆಯೂ ಇಲ್ಲ, ವಾಕ್ಯ ಸ್ಪಷ್ಟವಾಗಿಯೇ ಇದೆ. ಇದಲ್ಲದೆ ಕ್ಲೇಮು ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲವೆಂದು ಪ್ರಾಧಿಕಾರದ 2024ರ ಮೇ ತಿಂಗಳ ಆರೋಗ್ಯ ವಿಮಾ ಮಾಸ್ಟರ್ ಸುತ್ತೋಲೆ ವಿಧಿಸಿದೆ. ನಮ್ಮ ಕ್ಲೇಮು ಆ ಸಮಿತಿಯ ಮುಂದೆ ಹೋಗಿತ್ತೇ, ಹೋಗಿದ್ದರೆ ಅಪಘಾತದ ವಿನಾಯಿತಿಯ ಬಗ್ಗೆ ಸಮಿತಿ ಏನೆಂದು ದಾಖಲಿಸಿತು ಎಂಬುದನ್ನು ನನಗೆ ತಿಳಿಸಬೇಕು.

ಕೊಯ್ಲಿನ ಹಣ ಕೈಸೇರುವ ಮೊದಲೇ ಶಸ್ತ್ರಚಿಕಿತ್ಸೆ ಮಾಡಿಸಬೇಕಾಗಿ ಬಂದದ್ದರಿಂದ, ಸೊಸೈಟಿಯಲ್ಲಿ ಅಡಿಕೆಯ ಮೇಲೆ ಮುಂಗಡ ತೆಗೆದು ಬಿಲ್ಲು ಕಟ್ಟಿದ್ದೇವೆ. ಸವಿತಾಳ ಕಣ್ಣು ಈಗ ಚೇತರಿಸುತ್ತಿದೆ, ಅದಕ್ಕಾಗಿ ವೈದ್ಯರಿಗೆ ಋಣಿಗಳಾಗಿದ್ದೇವೆ. ಆದರೆ ಇಂಥ ಹೊತ್ತಿಗೆ ಬೇಕೆಂದೇ ಕಂತು ಕಟ್ಟುತ್ತ ಬಂದ ಕುಟುಂಬಕ್ಕೆ, ಪಾಲಿಸಿಯಲ್ಲಿ ಇರುವ ರಕ್ಷಣೆಯನ್ನೇ ಇಲ್ಲವೆಂದದ್ದು ಬಹಳ ನೋವು ತಂದಿದೆ.

ಆದ್ದರಿಂದ 27-02-2025ರ ತಿರಸ್ಕಾರವನ್ನು ಹಿಂಪಡೆದು, ಪಾಲಿಸಿಯಂತೆ ಸಲ್ಲದ ನೋಂದಣಿ ಶುಲ್ಕ ಮುಂತಾದ ರೂ. 1,240ನ್ನು ಕಳೆದು, ಉಳಿದ ರೂ. 77,400ನ್ನು ಪಾವತಿಸಬೇಕೆಂದೂ, ವಿಳಂಬದ ಅವಧಿಗೆ ನಿಯಮಾನುಸಾರ ಬ್ಯಾಂಕ್ ದರದ ಮೇಲೆ ಶೇ 2ರಷ್ಟು ಹೆಚ್ಚುವರಿ ಸೇರಿಸಿ ಬಡ್ಡಿ ಕೊಡಬೇಕೆಂದೂ ವಿನಂತಿಸುತ್ತೇನೆ. ಮನವಿಯನ್ನು ಒಪ್ಪದಿದ್ದಲ್ಲಿ, ಅಪಘಾತದ ವಿನಾಯಿತಿ ಏಕೆ ಅನ್ವಯಿಸುವುದಿಲ್ಲ ಎಂಬುದಕ್ಕೆ ವೈದ್ಯಕೀಯ ಕಾರಣಗಳನ್ನು ಬಿಡಿಸಿ ಬರೆದ ಉತ್ತರ ಕೊಡಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, 2017ರ ವಿಮಾ ಓಂಬುಡ್ಸ್‌ಮನ್ ನಿಯಮಗಳ ಅಡಿ ಬೆಂಗಳೂರಿನ ಓಂಬುಡ್ಸ್‌ಮನ್ ಅವರಲ್ಲಿ ಇದೇ ದಾಖಲೆಗಳೊಂದಿಗೆ ದೂರು ಸಲ್ಲಿಸುತ್ತೇನೆ.

ಮೊದಲ ದಿನದ ಚೀಟಿ, ಹುಬ್ಬಳ್ಳಿಯ ತಪಾಸಣೆ ಮತ್ತು ಶಸ್ತ್ರಚಿಕಿತ್ಸೆಯ ಟಿಪ್ಪಣಿಗಳು, ಬಿಡುಗಡೆ ಸಾರಾಂಶ, ಆಸ್ಪತ್ರೆಯ ದೃಢೀಕರಣ ಪತ್ರ, ಜುಲೈನ ದೃಷ್ಟಿ ಪರೀಕ್ಷೆಯ ಚೀಟಿ, ಕೊನೆಗೌಡರ ಹೇಳಿಕೆ, ತಿರಸ್ಕಾರ ಪತ್ರ ಮತ್ತು ಷರತ್ತು 02 ಇರುವ ಪಾಲಿಸಿ ಪುಟದ ಪ್ರತಿಗಳನ್ನು ಲಗತ್ತಿಸಿದ್ದೇನೆ. ಮೂಲ ದಾಖಲೆಗಳನ್ನು ಕೇಳಿದಾಗ ಹಾಜರುಪಡಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಗಣಪತಿ ಹೆಗಡೆ
(ಪಾಲಿಸಿದಾರ)