ಫೋಟೋದಲ್ಲಿದ್ದ ಬೈನಾಮಿಯಲ್ ಲೆಕ್ಕ: ನಾಲ್ಕನೇ ಪದ, x ಇಲ್ಲದ ಪದ

ಪುಟ್ಟಿ, ಫೋಟೋ ಬಂತು. ರೈಲು ಶ್ರೀರಂಗಪಟ್ಟಣ ದಾಟುವಾಗ ತೆಗೆದೆ ಅಂದೆಯಲ್ಲ, ಅಲುಗಾಡಿ ಸರಿಯಾಗಿ ಪವರ್ ಇರುವ ಜಾಗವೇ ಮಸುಕಾಗಿದೆ. ಆವರಣದ ಒಳಗೆ x² − 2/x ಇರುವುದು ಕಾಣುತ್ತದೆ. ಮೇಲಿರುವುದು 6 ಇರಬಹುದು, 8 ಇರಬಹುದು. ಪ್ರಶ್ನೆ ಓದಲು ಬರುತ್ತದೆ: ವಿಸ್ತರಿಸಿ, ನಾಲ್ಕನೇ ಪದ ಮತ್ತು ಸ್ಥಿರ ಪದ ಕಂಡುಹಿಡಿ.

ಮತ್ತೆ ಫೋಟೋ ತೆಗೆಯಬೇಡ. ಆ ಅಂಕಿ ಯಾವುದು ಅಂತ ಲೆಕ್ಕದಿಂದಲೇ ಗೊತ್ತಾಗುತ್ತದೆ. ಪವರ್ ಸದ್ಯಕ್ಕೆ n ಅಂತ ಇಟ್ಟುಕೊಂಡು ಸಾಮಾನ್ಯ ಪದ ಬರೆ:

```
T(r+1) = C(n,r) · (x²)^(n−r) · (−2/x)^r
       = C(n,r) · (−2)^r · x^(2n−3r)
```

ಎರಡನೇ ಸಾಲು ಹೇಗೆ ಬಂತು ನೋಡು. (x²)ರಿಂದ x^(2n−2r) ಬರುತ್ತದೆ. 2/x ಒಳಗಿನ x ಕೆಳಗಿದೆ, ಅದರಿಂದ x^(−r). ಎರಡೂ ಸೇರಿ 2n−3r. ಸಂಖ್ಯೆಗಳನ್ನು ಒಂದು ಕಡೆ, x ಅನ್ನು ಇನ್ನೊಂದು ಕಡೆ ಒಟ್ಟು ಮಾಡಿಕೊಂಡರೆ ಮುಂದಿನದು ತುಂಬಾ ಸುಲಭ.

ಸ್ಥಿರ ಪದ ಅಂದರೆ x ಇಲ್ಲದ ಪದ. ಅಂದರೆ 2n−3r = 0 ಆಗಬೇಕು. n = 8 ಇಟ್ಟರೆ 3r = 16. r ಪೂರ್ಣ ಸಂಖ್ಯೆ ಆಗುವುದಿಲ್ಲ, ಹಾಗಾಗಿ ಸ್ಥಿರ ಪದವೇ ಇರುವುದಿಲ್ಲ. n = 6 ಇಟ್ಟರೆ 3r = 12, r = 4. ಪ್ರಶ್ನೆಯಲ್ಲಿ ಸ್ಥಿರ ಪದ ಕೇಳಿದ್ದಾರೆ ಅಲ್ವಾ? ಹಾಗಾದರೆ ಅದು 6. ಇಂಥ ಕಡೆಯೇ ನನಗೆ ಈ ಪಾಠ ಇಷ್ಟ ಆಗುವುದು.

ಈಗ ಪೂರ್ತಿ ವಿಸ್ತರಣೆ. ಸಹಗುಣಕಗಳು 1, 6, 15, 20, 15, 6, 1. ಬಾಯಿಪಾಠ ಮರೆತರೆ ಹೆದರಬೇಡ. ಮೇಲೆ 6, 5, 4 ಅಂತ ಇಳಿಯುತ್ತಾ ಬರೆ, ಕೆಳಗೆ 1, 2, 3 ಅಂತ ಏರುತ್ತಾ ಬರೆ, ಗುಣಿಸಿ ಭಾಗಿಸು. C(6,3) = (6×5×4)/(1×2×3) = 20. ಈ ಸೂತ್ರವನ್ನು 9ನೇ ಶತಮಾನದಲ್ಲೇ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ನಮ್ಮ ಮಹಾವೀರಾಚಾರ್ಯ ಕೊಟ್ಟಿದ್ದಾನೆ. ತರಗತಿಯಲ್ಲಿ ಇದನ್ನು ಹೇಳುವಾಗ ನನಗೆ ಪ್ರತಿ ಸಲ ಹೆಮ್ಮೆ ಆಗುತ್ತದೆ.

```
(x² − 2/x)^6
= x^12 − 12x^9 + 60x^6 − 160x^3
  + 240 − 192/x^3 + 64/x^6
```

ಪವರ್ 12, 9, 6, 3, 0 ಅಂತ ಮೂರು ಮೂರೇ ಇಳಿಯುತ್ತಿದೆ. n = 8 ಆಗಿದ್ದರೆ 16, 13, 10, 7, 4, 1, ಆಮೇಲೆ −2. ಸೊನ್ನೆಯನ್ನು ಹಾರಿಕೊಂಡೇ ಹೋಗುತ್ತಿತ್ತು.

ಇನ್ನು ನೀನು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದಿರುವುದು. ನಾಲ್ಕನೇ ಪದಕ್ಕೂ ಸ್ಥಿರ ಪದಕ್ಕೂ 240 ಅಂತಲೇ ಬರೆದಿದ್ದೀಯ. ಎಲ್ಲಿ ತಪ್ಪಿದೆ ಗೊತ್ತಾ? ನಾಲ್ಕನೇ ಪದ ಅಂದ ತಕ್ಷಣ r = 4 ಹಾಕಿದ್ದೀಯ. ಎಣಿಕೆ r = 0ಯಿಂದ ಶುರು. ಮೊದಲ ಪದಕ್ಕೆ r = 0, ನಾಲ್ಕನೆಯದಕ್ಕೆ r = 3. ಎಡಗಡೆ T(r+1) ಅಂತ ಬರೆಯುವುದೇ ಇದಕ್ಕೆ. ಆ ಭಾಗ ಬಿಟ್ಟು ಬರೀ ಬಲಗಡೆ ಬರೆದರೆ ಹೀಗಾಗುತ್ತದೆ.

```
T4 = C(6,3) · (−2)^3 · x^(12−9)
   = 20 · (−8) · x^3 = −160x^3

T5 = C(6,4) · (−2)^4 · x^0
   = 15 · 16 = 240
```

ನಾಲ್ಕನೇ ಪದ −160x³. ಸ್ಥಿರ ಪದ 240, ಅದು ಐದನೆಯ ಪದ. ಮೈನಸ್ ಅನ್ನು 2ರ ಜೊತೆ ಆವರಣದೊಳಗೇ ಇಡು. ಹೊರಗೆ ಬಿಟ್ಟರೆ ಎಲ್ಲೋ ಕಳೆದುಹೋಗುತ್ತದೆ, ನಾಳೆ ಟೆಸ್ಟ್‌ನಲ್ಲಿ ಅದಕ್ಕೆ ಸುಮ್ನೆ ಅಂಕ ಹೋಗಬಾರದು.

ಉತ್ತರ ಸರಿಯಾ ಅಂತ ನೋಡಲು x = 1 ಹಾಕು. ಎಡಗಡೆ (1 − 2)⁶ = 1. ಬಲಗಡೆ 1 − 12 + 60 − 160 + 240 − 192 + 64. ಕೂಡಿದರೆ 1. ಅರ್ಧ ನಿಮಿಷವೂ ಬೇಡ. ಒಂದು ಚಿಹ್ನೆ ತಪ್ಪಿದರೂ ಇಲ್ಲಿ ಸಿಕ್ಕಿಬೀಳುತ್ತದೆ. ಆದರೆ x ಪವರ್ ತಪ್ಪಿದ್ದರೆ 1 ಹಾಕಿದಾಗ ಗೊತ್ತಾಗುವುದಿಲ್ಲ. ಸಮಯ ಜಾಸ್ತಿ ಇದ್ದರೆ x = 2 ಹಾಕು, ಎರಡೂ ಕಡೆ 729 ಬರಬೇಕು.

ಫೋಟೋದ ಕೆಳಗೆ ಅರ್ಧ ಕಾಣುವ (2x² − 1/x)⁹ ಲೆಕ್ಕ ನೀನೇ ಮಾಡು. ಪೂರ್ತಿ ವಿಸ್ತರಿಸಬೇಡ, ಅದರಲ್ಲಿ ಸ್ಥಿರ ಪದ ಮಾತ್ರ ಕೇಳಿದ್ದಾರೆ. ಇಲ್ಲಿ 2 ಇರುವುದು ಮೊದಲ ಭಾಗದಲ್ಲಿ, ಅದಕ್ಕೆ 2^(9−r) ಬರುತ್ತದೆ. r = 6, ಉತ್ತರ 672 ಬರಬೇಕು. ಬೇರೆ ಬಂದರೆ ಮಂಡ್ಯದಲ್ಲಿ ಇಳಿದವಳೇ ಸೀದಾ ನಮ್ಮ ಮನೆಗೆ ಬಾ. ಇಲ್ಲೇ ಊಟ ಮಾಡುವೆಯಂತೆ, ಅತ್ತೆಗೆ ನಾನು ಫೋನ್ ಮಾಡಿ ಹೇಳುತ್ತೇನೆ.