ಹುಚ್ಚೆಳ್ಳಿನ ಹೂವಿನ ಮೇಲೆ ತುಡುವೆ ಜೇನು: ಹತ್ತು ಸೆಕೆಂಡಿನ ಮ್ಯಾಕ್ರೋ ವಿಡಿಯೊಗೆ ಪ್ರಾಂಪ್ಟ್

ಹತ್ತು ಸೆಕೆಂಡಿನ, ಎಲ್ಲಿಯೂ ಕತ್ತರಿಸದ ಒಂದೇ ಶಾಟ್ ರಚಿಸಬೇಕು. ಚೌಕಟ್ಟು 16:9 ಅನುಪಾತದಲ್ಲಿರಲಿ, ಸೆಕೆಂಡಿಗೆ 24 ಫ್ರೇಮ್ ಇರಲಿ, ಚಲನೆ ಸಹಜ ವೇಗದಲ್ಲಿರಲಿ. ಸ್ಲೋ ಮೋಷನ್ ಬೇಡ. ಅಕ್ಕಡಿ ಬೆಳೆಯ ಬಗೆಗಿನ ಕಿರುಚಿತ್ರವೊಂದರಲ್ಲಿ ಈ ದೃಶ್ಯವನ್ನು ರೈತರು ನೋಡಲಿದ್ದಾರೆ. ದಿನವೂ ಈ ಹೂವನ್ನೂ ಈ ಹುಳವನ್ನೂ ಕಾಣುವ ಅವರ ಕಣ್ಣಿಗೆ ಇದು ತಮ್ಮ ಹೊಲದ್ದೇ ಎನ್ನಿಸಬೇಕು.

ಸ್ಥಳ ತುಮಕೂರು ಸೀಮೆಯ ಒಂದು ರಾಗಿ ಹೊಲದ ಅಕ್ಕಡಿ ಸಾಲು, ಕಾಲ ಅಕ್ಟೋಬರ್ ಕೊನೆಯ ವಾರ, ಹೊತ್ತು ಬೆಳಗಿನ ಎಂಟೂವರೆ. ಇಬ್ಬನಿ ಪೂರ್ತಿ ಆರಿರಬೇಕು. ಹೂವಿನ ಮೇಲೆ ನೀರ ಹನಿಗಳನ್ನು ಕೂರಿಸಿದರೆ ಚಿತ್ರ ಚೆನ್ನಾಗಿ ಕಾಣುವುದೇನೋ ನಿಜ, ಆದರೆ ಒದ್ದೆಯಾದ ಪರಾಗ ಮುದ್ದೆಗಟ್ಟುತ್ತದೆ. ನನಗೆ ಬೇಕಿರುವುದು ಒಣಗಿ ಹುಡಿಯಾಗಿ, ಮುಟ್ಟಿದ ಕೂಡಲೇ ಉದುರುವ ಪರಾಗ.

ಚೌಕಟ್ಟಿನ ನಡುವೆ, ಸ್ವಲ್ಪ ಎಡಕ್ಕೆ, ಸುಮಾರು ಮೂರು ಸೆಂಟಿಮೀಟರ್ ಅಗಲದ ಒಂದೇ ಹುಚ್ಚೆಳ್ಳಿನ ಹೂವು ಇರಲಿ. ಹೊರಸುತ್ತಿನಲ್ಲಿ ಎಂಟು ಚಿನ್ನದ ಹಳದಿಯ ಎಸಳುಗಳಿರಬೇಕು. ಪ್ರತಿ ಎಸಳಿನ ತುದಿಯಲ್ಲಿ ಮೂರು ಸಣ್ಣ ಹಲ್ಲುಗಳು, ಉದ್ದಕ್ಕೂ ತೆಳುವಾದ ಗೆರೆಗಳು. ಒಂದು ಎಸಳಿನ ಅಂಚು ಹುಳು ತಿಂದು ಕೊಂಚ ಹರಿದಿದ್ದರೆ ಒಳ್ಳೆಯದು. ನಡುವಿನ ಬಿಲ್ಲೆಯಲ್ಲಿರುವ ಕಿರುಹೂಗಳು ಎಲ್ಲವೂ ಒಟ್ಟಿಗೆ ಅರಳುವುದಿಲ್ಲ, ಹೊರಗಿನ ಸುತ್ತಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಅರಳುತ್ತವೆ. ಆದ್ದರಿಂದ ಹೊರಗಿನವು ಬಿರಿದು, ಶಲಾಕೆಯ ತುದಿ ಎರಡಾಗಿ ಸೀಳಿ ಹೊರಕ್ಕೆ ಬಾಗಿರಲಿ. ಅದರ ಒಳಸುತ್ತಿನಲ್ಲಿ ಕೇಸರಗಳು ಕೂಡಿ ಆದ ಕೊಳವೆಯ ಬಾಯಿಂದ ಪರಾಗ ಈಗಷ್ಟೇ ಮೇಲಕ್ಕೆ ದೂಡಲ್ಪಟ್ಟು ಗುಪ್ಪೆಯಾಗಿ ನಿಂತಿರಲಿ. ತೀರಾ ನಡುವಿನವು ಇನ್ನೂ ಹಸಿರು ಛಾಯೆಯ ಮೊಗ್ಗುಗಳಾಗಿಯೇ ಇರಲಿ.

ಪರಾಗದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಒಂದೊಂದು ಕಣವೂ ಒಂದು ಮಿಲಿಮೀಟರಿನ ಕೆಲವೇ ನೂರನೇ ಭಾಗದಷ್ಟಿರುವುದರಿಂದ, ಈ ಅಳತೆಯಲ್ಲಿ ಅದು ಅರಿಸಿನದ ನುಣ್ಣನೆಯ ಪುಡಿಯಂತೆ ಕಾಣಬೇಕೇ ಹೊರತು ಮುಳ್ಳುಮುಳ್ಳಾದ ಚೆಂಡುಗಳಂತೆ ಅಲ್ಲ, ಮಿನುಗುವ ಜರಿಯಂತೆಯೂ ಅಲ್ಲ. ಬಣ್ಣ ಕಿತ್ತಳೆ ಬೆರೆತ ಹಳದಿ; ಹೊಳಪಿರಬಾರದು. ಜೇನಿನ ಮೈಗೂದಲು ಕವಲೊಡೆದಿರುವುದರಿಂದ ಪರಾಗ ಅದರ ಮೇಲ್ಮೈಯಲ್ಲಷ್ಟೇ ಕೂರದೆ ಕೂದಲ ನಡುವೆ ಸಿಕ್ಕಿಕೊಂಡಿರುತ್ತದೆ. ಮುಖದ ಮೇಲೂ ಎದೆಯ ಕೆಳಭಾಗದಲ್ಲೂ ಅದು ದಟ್ಟವಾಗಿರಲಿ, ಬೆನ್ನಿನ ಮೇಲೆ ಅಲ್ಲಲ್ಲಿ ಚದುರಿರಲಿ. ಹಿಂಗಾಲಿನ ಪರಾಗಬುಟ್ಟಿಯಲ್ಲಿರುವುದು ಮಾತ್ರ ಬೇರೆ ಬಗೆಯದು: ಜೇನು ತಾನು ಹೀರಿದ ಮಕರಂದದಿಂದ ನಾದಿ ಒತ್ತಿದ, ಸ್ವಲ್ಪ ತೇವವಿರುವ, ಗಟ್ಟಿಯಾದ ಉಂಡೆ ಅದು, ಸುತ್ತಲಿನ ಉದ್ದ ಕೂದಲುಗಳು ಅದನ್ನು ಬೇಲಿಯಂತೆ ಹಿಡಿದಿರುವುದು ಕಾಣಬೇಕು. ಮೈಮೇಲಿನ ಒಣ ಹುಡಿಗೂ ಕಾಲಿನ ಹಸಿ ಉಂಡೆಗೂ ಇರುವ ಈ ವ್ಯತ್ಯಾಸ ಕಣ್ಣಿಗೆ ತಿಳಿಯದಿದ್ದರೆ ಶಾಟ್ ಸೋತಂತೆಯೇ ಸರಿ.

ಜೇನು ತುಡುವೆ ಜಾತಿಯ ಕೆಲಸಗಾರ ಹುಳ, ಉದ್ದ ಸುಮಾರು ಹತ್ತು ಮಿಲಿಮೀಟರ್. ಎದೆಯ ಮೇಲೆ ಕಂದು ಬೂದು ಮಿಶ್ರಿತ ತುಪ್ಪುಳು, ಹೊಟ್ಟೆಯ ಮೇಲೆ ಕಡುಗಂದು ಬಣ್ಣದ ನಡುನಡುವೆ ತಿಳಿಬಣ್ಣದ ಸಮನಾದ ಪಟ್ಟೆಗಳು. ಎಲ್ಲ ಆರು ಕಾಲುಗಳೂ ಎದೆಯಿಂದಲೇ ಹೊರಡಬೇಕು, ಯಾವುದೂ ಹೊಟ್ಟೆಗೆ ಅಂಟಿರಬಾರದು. ರೆಕ್ಕೆಗಳು ಎರಡು ಜೊತೆ. ಹೂವಿನ ಮೇಲೆ ಕೂತಿರುವುದರಿಂದ ಬೆನ್ನಿನ ಮೇಲೆ ಹಿಂದಕ್ಕೆ ಮಡಿಚಿ, ನರಗಳು ಕಾಣುವಷ್ಟು ಪಾರದರ್ಶಕವಾಗಿರಲಿ. ಕಣ್ಣುಗಳು ಕಪ್ಪಾಗಿ, ಮೊಟ್ಟೆಯಾಕಾರದಲ್ಲಿ, ತಲೆಯ ಎರಡು ಪಕ್ಕಗಳಲ್ಲಿರಲಿ. ಮುಂದೆ ಒಂದನ್ನೊಂದು ಮುಟ್ಟುವ ದೊಡ್ಡ ಕಣ್ಣುಗಳೂ ಗಿಡ್ಡ ಮೀಸೆಯೂ ಬಂದರೆ ಅದು ಜೇನನ್ನು ಹೋಲುವ ನೊಣವಾಗಿಬಿಡುತ್ತದೆ. ಮೀಸೆಗಳು ಮೊಣಕೈಯಂತೆ ಮಡಿಚಿಕೊಂಡು ಸದಾ ಆಡುತ್ತಿರಲಿ, ಕೆಂಗಂದು ಹೀರುನಾಲಿಗೆ ಕಿರುಹೂವಿನ ಕೊಳವೆಯೊಳಗೆ ಇಳಿದು ಹೊರಬರುತ್ತಿರಲಿ.

ಕ್ಯಾಮೆರಾ ಹೂವಿನ ಮಟ್ಟದಲ್ಲಿಯೇ, ತುಸು ಮೇಲಿನಿಂದ, ಜೇನಿನ ಬಲಗಡೆಗೆ ಓರೆಯಾಗಿ ನಿಂತಿದೆ. ಫುಲ್ ಫ್ರೇಮ್ ಸೆನ್ಸರಿನ ಮೇಲೆ 100 ಎಂಎಂ ಮ್ಯಾಕ್ರೋ ಲೆನ್ಸ್, 1:1 ಹಿಗ್ಗುವಿಕೆ, f/4 ಎಂದು ಭಾವಿಸಬೇಕು. ಆ ಲೆಕ್ಕದಲ್ಲಿ ಜೇನು ಚೌಕಟ್ಟಿನ ಅಗಲದ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ ಜಾಗ ಹಿಡಿಯುತ್ತದೆ, ಸ್ಪಷ್ಟವಾಗಿ ಕಾಣುವ ಆಳ ಸುಮಾರು ಅರ್ಧ ಮಿಲಿಮೀಟರ್ ಮಾತ್ರ ಇರುತ್ತದೆ. ಹತ್ತಿರದ ಕಣ್ಣು ಚೂಪಾಗಿದ್ದಾಗ ದೂರದ ಮೀಸೆ ಆಗಲೇ ಮೆತ್ತಗಾಗಿರಬೇಕು, ಹಿಂದಿನ ಎಸಳುಗಳು ಕರಗಿ ಹಳದಿ ಬಣ್ಣವಾಗಿಯಷ್ಟೇ ಉಳಿದಿರಬೇಕು. ಇನ್ನೂ ಹಿಂದೆ, ಬಲಿಯುತ್ತಿರುವ ರಾಗಿ ತೆನೆಗಳು ಹಸಿರುಗಂದು ಮಸುಕಾಗಿ, ಗುರುತಿಸಲಾಗದಂತೆ, ಆದರೆ ಗಾಳಿಗೆ ಅಲುಗುವುದು ತಿಳಿಯುವಂತೆ ಇರಲಿ.

ಈ ಶಾಟ್‌ನ ಜೀವವಿರುವುದು ಗಾಳಿಯಲ್ಲಿ. ಫೋಕಸ್‌ನ ತೆಳುವಾದ ಪದರ ಜಾಗದಲ್ಲಿಯೇ ನಿಂತಿರುತ್ತದೆ, ಹೂವೇ ಅದರೊಳಕ್ಕೆ ಬಂದು ಹೋಗುತ್ತದೆ. ಫೋಕಸ್ ಜೇನನ್ನು ಹಿಂಬಾಲಿಸಬಾರದು, ಕ್ಯಾಮೆರಾ ಅಲುಗಬಾರದು. ಮೊದಲ ಮೂರು ಸೆಕೆಂಡು ಗಾಳಿ ಇಲ್ಲವೆನ್ನುವಷ್ಟು ಕಡಿಮೆ; ಜೇನಿನ ಮುಖ ಮತ್ತು ಮುಂಗಾಲುಗಳು ಸ್ಪಷ್ಟವಾಗಿದ್ದು, ಅದು ಒಂದು ಕಿರುಹೂವಿನಿಂದ ಪಕ್ಕದ್ದಕ್ಕೆ ನಾಲಿಗೆ ಬದಲಿಸುತ್ತದೆ. ಆಮೇಲೆ ಎಡದಿಂದ ಒಂದು ಬೀಸು ಬರುತ್ತದೆ. ತೊಟ್ಟು ಬುಡದಿಂದ ಬಾಗಿ, ಹೂವು ನೇರಗೆರೆಯಲ್ಲಿ ಸರಿಯದೆ ಕಮಾನಿನಂತೆ ಏಳೆಂಟು ಮಿಲಿಮೀಟರ್ ಬಲಕ್ಕೆ ಹೋಗುತ್ತ ಎರಡು ಮಿಲಿಮೀಟರಿನಷ್ಟು ಹಿಂದಕ್ಕೂ ಸರಿಯುತ್ತದೆ. ಎಸಳುಗಳು ತೊಟ್ಟಿಗಿಂತ ಒಂದು ಕ್ಷಣ ತಡವಾಗಿ ಬಾಗುತ್ತವೆ, ಜೇನು ಪೂರ್ತಿ ಮಸುಕಾಗುತ್ತದೆ. ಆ ಹೊತ್ತಿನಲ್ಲಿ ಅದು ಹಾರುವುದಿಲ್ಲ. ಕಾಲಿನ ಉಗುರುಗಳಿಂದ ಹೂವನ್ನು ಹಿಡಿದು, ಮೈಯನ್ನು ಬಿಲ್ಲೆಗೆ ಒತ್ತಿ, ಹೂವಿನ ಜೊತೆಗೇ ತೂಗುತ್ತದೆ. ಅದರ ಪಾದಗಳು ಹಿಡಿದ ಜಾಗದಿಂದ ಜಾರುವಂತಿಲ್ಲ. ಬೀಸು ಕಳೆದು ಹೂವು ಮರಳುವಾಗ ಜೇನು ಸ್ವಲ್ಪ ತಿರುಗಿಕೊಂಡಿರುತ್ತದೆ, ಈ ಬಾರಿ ಸ್ಪಷ್ಟತೆಯ ಪದರಕ್ಕೆ ಸಿಗುವುದು ಮುಖವಲ್ಲ, ಪರಾಗಬುಟ್ಟಿ. ಉಳಿದ ಸೆಕೆಂಡುಗಳಲ್ಲಿ ತೂಗು ಕ್ರಮೇಣ ಕಿರಿದಾಗುತ್ತ ಹೋಗಲಿ, ಆದರೆ ಗಡಿಯಾರದ ಲೋಲಕದಂತೆ ಸಮನಾಗಿ ಅಲ್ಲ: ಒಂದು ದೊಡ್ಡದು, ಎರಡು ಚಿಕ್ಕವು, ಒಂದು ತಡೆ, ಮತ್ತೆ ಒಂದು ಚಿಕ್ಕದು. ದೊಡ್ಡ ತೂಗಿನಲ್ಲಿ ಗುಪ್ಪೆಯಿಂದ ಹತ್ತಾರು ಕಣಗಳಷ್ಟೇ ಕಳಚಿ, ಬೆಳಕಿನಲ್ಲಿ ಒಮ್ಮೆ ಕಂಡು, ಬಲಗಡೆಯ ಎಸಳಿನ ಮೇಲೆ ಬೀಳಲಿ. ಮೋಡದಂತೆ ಏಳುವುದು ಬೇಡ.

ಬೆಳಕು ಎಳೆಬಿಸಿಲಿನದು, ಹೂವಿನ ಹಿಂದೆ ಎಡಗಡೆಯಿಂದ ಓರೆಯಾಗಿ ಬರಬೇಕು. ಎದೆಯ ತುಪ್ಪುಳಿನ ಅಂಚು ಬೆಳಗಿ, ಎಸಳುಗಳ ಮೂಲಕ ಬಿಸಿಲು ಹಾದು, ಜೇನಿನ ಹೊಟ್ಟೆಯ ಅಡಿಗೆ ಹಳದಿ ಪ್ರತಿಫಲನ ಬೀಳಲಿ. ಬಣ್ಣಗಳನ್ನು ಗಾಢಗೊಳಿಸುವುದು ಬೇಡ. ಹುಚ್ಚೆಳ್ಳಿಗೆ ಅದರ ಹಳದಿಯೇ ಸಾಕು.

ಧ್ವನಿಯಲ್ಲಿ ರಾಗಿ ಗರಿಗಳ ಸವರಾಟ ಮತ್ತು ದೂರದ ಬೇರೆ ಜೇನುಗಳ ಮಂದ ಗುಂಯ್‌ಗುಟ್ಟುವಿಕೆ ಇರಲಿ. ಕೂತ ಜೇನಿನ ರೆಕ್ಕೆ ಆಡದಿರುವುದರಿಂದ ಅದಕ್ಕೆ ಸದ್ದು ಸೇರಿಸಬಾರದು. ಸಂಗೀತ, ಅಕ್ಷರ, ಎರಡನೆಯ ಜೇನು, ಚಿಟ್ಟೆ, ಮನುಷ್ಯನ ಕೈ ಯಾವುದೂ ಬೇಡ. ಕೊನೆಯ ಫ್ರೇಮಿನಲ್ಲಿ ಜೇನು ಇನ್ನೂ ಹೂವಿನ ಮೇಲೆಯೇ, ತಲೆ ತಗ್ಗಿಸಿ, ಅರ್ಧ ಮಸುಕಾಗಿ, ಮುಂದಿನ ಕಿರುಹೂವಿಗೆ ನಾಲಿಗೆ ಇಳಿಸುತ್ತಿರಲಿ.