ವಾರ್ಷಿಕ ಪಾಠ ಹಂಚಿಕೆ: 8ನೇ ತರಗತಿ, ಇಂಗ್ಲಿಷ್ ಆಲಿಸುವುದು ಮತ್ತು ಮಾತಾಡುವುದು

ಶಾಲೆ: ಸರ್ಕಾರಿ ಪ್ರೌಢಶಾಲೆ, ಇಳಕಲ್ಲ, ಬಾಗಲಕೋಟೆ ಜಿಲ್ಲೆ
ಅವಧಿ: ಮಂಗಳವಾರ, ಶುಕ್ರವಾರ ತಲಾ 40 ನಿಮಿಷ. ಓದು-ಬರಹ ಉಳಿದ ಪೀರಿಯಡ್‌ಗಳಲ್ಲಿ ಪಠ್ಯಪುಸ್ತಕದಂತೆ ನಡೆಯುತ್ತದೆ.

ಮಕ್ಕಳ ಬಗ್ಗೆ

ಹೆಚ್ಚಿನವರು ನೇಕಾರರ, ಗ್ರಾನೈಟ್ ಕೆಲಸಗಾರರ ಮಕ್ಕಳು. ಮನೆಯಲ್ಲಿ ಹೈಸ್ಕೂಲ್ ಮೆಟ್ಟಿಲು ಹತ್ತಿದ ಮೊದಲಿಗರು ಇವರೇ. ಕೆಲವರ ಮನೆಮಾತು ಉರ್ದು, ಅವರಿಗೆ ಇಂಗ್ಲಿಷ್ ಮೂರನೇ ಭಾಷೆ. ಇಂಗ್ಲಿಷ್ ಮಾತು ಇವರ ಕಿವಿಗೆ ಬೀಳುವುದು ನಮ್ಮ ತರಗತಿಯಲ್ಲಿ ಮಾತ್ರ. ಅದಕ್ಕೇ ಈ ವರ್ಷ ಮೊದಲು ಕಿವಿ, ಆಮೇಲೆ ಬಾಯಿ. "ಅಪ್ಪ ಅಮ್ಮನ್ನ ಕೇಳಿ ಬಾ" ಅನ್ನುವ ಹೋಂವರ್ಕ್ ಇಂಗ್ಲಿಷಿಗೆ ಬೇಡವೇ ಬೇಡ.

ಜೂನ್

ಸೇತುಬಂಧದ ಜೊತೆಗೇ ಶುರು. ಶಿಕ್ಷಕರು ಇಂಗ್ಲಿಷಿನಲ್ಲಿ ಹೇಳುತ್ತಾರೆ, ಮಕ್ಕಳು ಮಾಡಿ ತೋರಿಸುತ್ತಾರೆ: ಓಪನ್ ದ ವಿಂಡೋ, ಗಿವ್ ಹರ್ ದ ಚಾಕ್. ಉತ್ತರ ಕನ್ನಡದಲ್ಲಿ ಬಂದರೂ ಸರಿ. ಈ ತಿಂಗಳು ಯಾರನ್ನೂ ಎಬ್ಬಿಸಿ ನಿಲ್ಲಿಸಿ ಮಾತಾಡಿಸಬಾರದು. ಸುಮ್ನೆ ಕೂತ ಮಗು ಕೇಳಿಸಿಕೊಳ್ಳುತ್ತಿದೆ, ಅದೂ ಕಲಿಕೆಯೇ ಅಲ್ವಾ? ಕೊನೆಯ ವಾರ ಪ್ರತಿ ಮಗುವಿನ ಎರಡು ಮಾತು, ಹೆಸರು ಮತ್ತು ಓಣಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಇಡುವುದು.

ಜುಲೈ

ಧ್ವನಿಗಳು. ಕನ್ನಡದ ಬಾಯಿಗೆ "ಬಸ್ಸು", "ಬುಕ್ಕು" ಸಹಜ. "ಇಸ್ಕೂಲು" ಕೂಡ ಅಷ್ಟೇ. ಬೈಯಬೇಡಿ, ವ್ಯತ್ಯಾಸ ಕೇಳಿಸಿ. ಫ್ಯಾನ್ ಚಿತ್ರಕ್ಕೆ 1, ಬಾಣಲೆ ಚಿತ್ರಕ್ಕೆ 2. ನಾವು "ಫ್ಯಾನ್" ಅಥವಾ "ಪ್ಯಾನ್" ಅಂದಾಗ ಮಕ್ಕಳು ಬೆರಳು ತೋರಿಸುತ್ತಾರೆ. ಆಮೇಲೆ ಜೋಡಿಯಲ್ಲಿ ಒಬ್ಬರು ಹೇಳಿ ಇನ್ನೊಬ್ಬರು ತೋರಿಸುವುದು. ಕೆಳತುಟಿ ಹಲ್ಲಿಗೆ ತಾಗುವುದನ್ನು ಕನ್ನಡಿಯಲ್ಲಿ ನೋಡಿಕೊಳ್ಳಲಿ.

ಆಗಸ್ಟ್, ಸೆಪ್ಟೆಂಬರ್

ಪ್ರಶ್ನೆ ಕೇಳುವುದು. ಶಾಲೆಯಲ್ಲಿ ಪ್ರಶ್ನೆಯೆಲ್ಲ ನಮ್ಮವೇ ಆಗಿಬಿಡುತ್ತವೆ. ಈಗ ಮಕ್ಕಳು ಕೇಳಲಿ: ವೇರ್, ವೆನ್, ಹೌ ಮಚ್. ನಾಗರ ಪಂಚಮಿಯ ಜೋಕಾಲಿ, ಉಂಡಿ ಬಗ್ಗೆ ಜೋಡಿಮಾತು. "ಉಂಡಿ"ಗೆ ಇಂಗ್ಲಿಷ್ ಹುಡುಕುತ್ತಾ ಕೂರಬೇಡಿ, ಉಂಡಿ ಅಂದರೆ ಉಂಡಿಯೇ. ಮೊದಲ ಸಂಕಲನಾತ್ಮಕ ಮೌಲ್ಯಮಾಪನದ ಮೌಖಿಕ ಭಾಗ ಇಲ್ಲೇ ಮುಗಿಯಬೇಕು. ಅಕ್ಟೋಬರ್‌ನಲ್ಲಿ ದಸರಾ ರಜೆ, ಹೊಸ ಪಾಠ ಇಲ್ಲ.

ನವೆಂಬರ್: ಮಗ್ಗ

ವರ್ಷದ ಮುಖ್ಯ ಘಟಕ ಇದು, ತಿಂಗಳಿಡೀ ಕೊಡಿ. ಕಂಡಿಕೆ ಸುತ್ತುವ ಮಗುವಿಗೆ ವಿಷಯ ನಮಗಿಂತ ಜಾಸ್ತಿ ಗೊತ್ತು, ಇಂಗ್ಲಿಷ್ ಮಾತ್ರ ಸೇರಿಸಬೇಕು. ಮೊದಲ ವಾರ ಲಾಳಿ, ಹಾಸು, ಹೊಕ್ಕು ತಂದಿಟ್ಟು ಶಟಲ್, ವಾರ್ಪ್, ವೆಫ್ಟ್ ಅನ್ನುವ ಮಾತು ಕೇಳಿಸುವುದು. ಎರಡನೇ ವಾರ ಕ್ರಮ ಹೇಳುವುದು: ಫಸ್ಟ್, ನೆಕ್ಸ್ಟ್, ದೆನ್. ಮೂರನೇ ವಾರ ಒಬ್ಬ ಪಾಲಕರನ್ನು ಕರೆಯುವುದು. ಅವರು ಕುರ್ಚಿಯ ಮೇಲೆ ಕೂತು, ಮೈಯ ಹಾಸನ್ನು ಸೆರಗಿನ ಹಾಸಿಗೆ ಕುಣಿಕೆ ಹಾಕಿ ಸೇರಿಸುವ ಕೊಂಡಿ ಕೆಲಸವನ್ನು ಕನ್ನಡದಲ್ಲೇ ವಿವರಿಸುತ್ತಾರೆ. ಮಕ್ಕಳು ಸರದಿಯಂತೆ ಇಂಗ್ಲಿಷಿಗೆ ತರುತ್ತಾರೆ: "ಶಿ ಜಾಯಿನ್ಸ್ ದ ಥ್ರೆಡ್ಸ್ ವಿತ್ ಲೂಪ್ಸ್." ತಡವರಿಸಿದರೆ ಪಕ್ಕದ ಮಗು ಹೇಳಿಕೊಡಲಿ, ಶಿಕ್ಷಕರು ನಡುವೆ ತಿದ್ದಬಾರದು. ತಪ್ಪುಗಳನ್ನು ಬರೆದಿಟ್ಟುಕೊಂಡು ಶುಕ್ರವಾರ, ಯಾರ ಹೆಸರೂ ಹೇಳದೆ, ಬೋರ್ಡಿನ ಮೇಲೆ ಸರಿಮಾಡುವುದು. ನಾಲ್ಕನೇ ವಾರ 6ನೇ ತರಗತಿಯ ಮಕ್ಕಳಿಗೆ ಇದನ್ನೇ ತೋರಿಸಿ ಹೇಳುವುದು.

ಡಿಸೆಂಬರ್

ಫೋನ್ ಮತ್ತು ಕೌಂಟರ್ ಮಾತು: ಆಸ್ಪತ್ರೆ, ಬ್ಯಾಂಕ್, ಬಸ್ ನಿಲ್ದಾಣ. ಫೋನ್ ಮಾತಿಗೆ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ. ಮುಖ ಕಾಣದಿದ್ದಾಗಲೇ ಕಿವಿ ಚುರುಕಾಗುತ್ತದೆ. "ಕ್ಯಾನ್ ಯು ಸೇ ಇಟ್ ಅಗೇನ್, ಪ್ಲೀಸ್?" ಎಲ್ಲರ ನಾಲಿಗೆ ಮೇಲೂ ನಿಲ್ಲಲೇಬೇಕು. ಅರ್ಥವಾಗದೆ ತಲೆಯಾಡಿಸಿ ಬರುವ ಕಷ್ಟ ಇವರ ಮನೆಯವರಿಗೆ ಚೆನ್ನಾಗಿ ಗೊತ್ತು.

ಜನವರಿ

ಐಹೊಳೆ, ಪಟ್ಟದಕಲ್ಲು ಪ್ರವಾಸ. ಪ್ರತಿ ಗುಂಪಿಗೆ ಒಂದು ಜಾಗ, ಮೂರೇ ವಾಕ್ಯ. ಮೇಗುತಿ ಗುಂಪು 634ರ ರವಿಕೀರ್ತಿಯ ಶಾಸನದ ಬಗ್ಗೆ, ಪಟ್ಟದಕಲ್ಲಿನ ಗುಂಪು 1987ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದರ ಬಗ್ಗೆ ಹೇಳಲಿ. ಕೇಳುವ ಗುಂಪು ಎರಡು ಪ್ರಶ್ನೆ ಹಾಕಬೇಕು. ಪ್ರವಾಸಿಗರ ಬೆನ್ನು ಹತ್ತಿ ಮಾತಾಡಿಸುವುದು ಬೇಡ, ಅವರೇ ಕೇಳಿದರೆ ಹೇಳಲಿ.

ಫೆಬ್ರವರಿ, ಮಾರ್ಚ್

ನಾಲ್ವರ ಗುಂಪಿನಲ್ಲಿ ಒಪ್ಪುವುದು, ಒಪ್ಪದಿರುವುದು: "ಐ ಡೋಂಟ್ ಥಿಂಕ್ ಸೋ, ಬಿಕಾಸ್..." ಪ್ರತಿ ಮಗುವಿಗೆ ಐದು ಬೀಜ. ಮಾತಾಡಿದಾಗ ಒಂದು ಇಡಬೇಕು, ಬೀಜ ಮುಗಿದವರು ಕೇಳಿಸಿಕೊಳ್ಳಬೇಕು. ಹಿಂದಿನ ಬೆಂಚಿನವರಿಗೂ ಸರದಿ ಸಿಗುತ್ತದೆ.

ಮೌಲ್ಯಮಾಪನ

ಮೂರನ್ನು ಮಾತ್ರ ನೋಡುವುದು: ಕೇಳಿ ಅರ್ಥಮಾಡಿಕೊಂಡರೇ, ಎದುರಿನವರಿಗೆ ತಿಳಿಯುವಂತೆ ಹೇಳಿದರೇ, ತಡೆದಾಗ ಮತ್ತೆ ಯತ್ನಿಸಿದರೇ. ವ್ಯಾಕರಣಕ್ಕೆ ಇಲ್ಲಿ ಅಂಕ ಕಡಿತ ಇಲ್ಲ. ಮಾರ್ಚ್‌ನಲ್ಲಿ ಪ್ರತಿ ಮಗುವಿನ ಒಂದು ನಿಮಿಷದ ಮಾತು ರೆಕಾರ್ಡ್ ಮಾಡಿ, ಜೂನ್‌ನದರ ಜೊತೆ ಆ ಮಗುವಿಗೂ ಪಾಲಕರಿಗೂ ಕೇಳಿಸುವುದು. ಎರಡನ್ನೂ 9ನೇ ತರಗತಿಯ ಇಂಗ್ಲಿಷ್ ಶಿಕ್ಷಕರಿಗೆ ಏಪ್ರಿಲ್ ರಜೆಗೆ ಮೊದಲು ಒಪ್ಪಿಸುವುದು.